ರಾತ್ರಿ ಸುಮ್ಮನೆ ಬಿದ್ದಿರುವ ಸ್ಮಾರ್ಟ್‌ವಾಚಿನ ಬ್ಯಾಟರಿ ಯಾರು ತಿನ್ನುತ್ತಿದ್ದಾರೆ? ಹಂತ ಹಂತವಾಗಿ ಪತ್ತೆ ಹಚ್ಚುವ ಕ್ರಮ

ರಾತ್ರಿ ಹತ್ತೂವರೆಗೆ 84% ಇದ್ದ ವಾಚು ಬೆಳಿಗ್ಗೆ ಆರೂವರೆಗೆ 58%. ಕೈಗೆ ಕಟ್ಟಿಲ್ಲ, ಯಾರೂ ಮುಟ್ಟಿಲ್ಲ, ಮೇಜಿನ ಮೇಲೆ ಬಿದ್ದಿತ್ತು ಅಷ್ಟೆ. ಇದನ್ನು ಸರಿಪಡಿಸಲು ಹೊರಟವರಲ್ಲಿ ಹೆಚ್ಚಿನವರು ಸೋಲುವುದು ಒಂದೇ ಕಡೆ: ಒಂದೇ ರಾತ್ರಿ ಹತ್ತು ಆಯ್ಕೆಗಳನ್ನು ಆಫ್ ಮಾಡಿಬಿಡುತ್ತಾರೆ. ಬ್ಯಾಟರಿ ಉಳಿಯುತ್ತದೆ, ಯಾವುದರಿಂದ ಉಳಿಯಿತು ಅಂತ ತಿಳಿಯುವುದಿಲ್ಲ. ಆಮೇಲೆ ಒಂದೊಂದಾಗಿ ಬೇಕೆನಿಸಿ ಮತ್ತೆ ಆನ್ ಮಾಡುತ್ತಾರೆ, ವಾರ ಕಳೆಯುವಷ್ಟರಲ್ಲಿ ಮೊದಲಿದ್ದಲ್ಲಿಗೇ ಬಂದಿರುತ್ತಾರೆ.

ಕೆಳಗಿನ ಕ್ರಮದಲ್ಲಿ ರಾತ್ರಿಗೆ ಒಂದೇ ಬದಲಾವಣೆ. ಮೊದಲ ಎರಡು ಹಂತಗಳಲ್ಲೇ ಹುಡುಕಬೇಕಾದ ಜಾಗ ಅರ್ಧಕ್ಕಿಳಿಯುತ್ತದೆ. ವಿವರಣೆ ಗೂಗಲ್‌ನ ವಾಚ್ ಸಾಫ್ಟ್‌ವೇರ್ ಆದ ವೇರ್ ಓಎಸ್ ಇರುವ ವಾಚುಗಳಿಗೆ. ಬೇರೆ ಬಗೆಯ ವಾಚು ಇರುವವರಿಗೆ ಕೊನೆಯ ಹತ್ತಿರ ಒಂದು ಭಾಗ ಇದೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 300 ಎಂಎಎಚ್ ಬ್ಯಾಟರಿಯ, ಸಿಮ್ ಇಲ್ಲದ ವಾಚು. ವಿಜಯನಗರದ ಎರಡು ಬೆಡ್‌ರೂಮಿನ ಮನೆ. ಫೋನು ಹಾಲ್‌ನಲ್ಲಿ ಚಾರ್ಜಿಗೆ, ವಾಚು ಮಲಗುವ ಕೋಣೆಯಲ್ಲಿ.

## ಬೇಕಾಗುವ ಸಾಮಾನು

ಒಂದು ಚೀಟಿ, ಒಂದು ಪೆನ್ನು. ಮೊದಲ ನಾಲ್ಕು ಹಂತಗಳಿಗೆ ಇಷ್ಟೇ ಸಾಕು. ಐದನೇ ಹಂತಕ್ಕೆ ಲ್ಯಾಪ್‌ಟಾಪ್, ಅದರಲ್ಲಿ `adb` ಆದೇಶಗಳನ್ನು ಓಡಿಸುವ ಆಂಡ್ರಾಯ್ಡ್ ಪ್ಲಾಟ್‌ಫಾರ್ಮ್ ಟೂಲ್ಸ್, ಮನೆಯ ವೈಫೈ ಬೇಕು. ಆಫೀಸಿನ ಲ್ಯಾಪ್‌ಟಾಪ್ ಬೇಡ. ಅದರ ವಿಪಿಎನ್ ಮನೆಯೊಳಗಿನ ಇತರ ಸಾಧನಗಳ ಜೊತೆ ಮಾತಾಡಲು ಬಿಡದೇ ಇರಬಹುದು, ಆಗ ತಪ್ಪು ವಾಚಿನದೋ ಲ್ಯಾಪ್‌ಟಾಪಿನದೋ ಅಂತ ಹುಡುಕುವುದರಲ್ಲೇ ಸಂಜೆ ಕಳೆಯುತ್ತದೆ.

ಹೊಸ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ ಎರಡು ದಿನ ಆಗಿಲ್ಲದಿದ್ದರೆ ಈಗಲೇ ಶುರು ಮಾಡಬೇಡಿ. ಅಪ್‌ಡೇಟ್ ಆದ ಮೇಲೆ ವಾಚು ಹಿನ್ನೆಲೆಯಲ್ಲಿ ಆ್ಯಪ್‌ಗಳನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ಆ ರಾತ್ರಿಗಳ ಅಂಕಿ ನಂಬುವಂಥದ್ದಲ್ಲ.

## ಹಂತ 1: ಏನೂ ಬದಲಿಸದೆ ಒಂದು ರಾತ್ರಿ ಅಳೆಯಿರಿ

ವಾಚನ್ನು 85%ರ ಆಸುಪಾಸಿಗೆ ಚಾರ್ಜ್ ಮಾಡಿ ತೆಗೆಯಿರಿ. 100%ರಿಂದ ಶುರು ಮಾಡಬಾರದು. ಚಾರ್ಜರ್‌ನಿಂದ ತೆಗೆದ ಮೇಲೂ ಕೆಲವು ವಾಚುಗಳು ಸ್ವಲ್ಪ ಹೊತ್ತು 100% ಎಂದೇ ತೋರಿಸುತ್ತವೆ, ಅಲ್ಲಿ ಲೆಕ್ಕ ತಪ್ಪುತ್ತದೆ. ತೆಗೆದು ಕಾಲು ಗಂಟೆ ಬಿಟ್ಟು, ವಾಚು ತಣ್ಣಗಾದ ಮೇಲೆ ಶೇಕಡಾ ಮತ್ತು ಸಮಯ ಬರೆದಿಡಿ. ಬೆಳಿಗ್ಗೆ ಎದ್ದ ಕೂಡಲೇ, ಕೈಗೆ ಕಟ್ಟುವ ಮೊದಲು, ಮತ್ತೆ ಬರೆಯಿರಿ. ಇಳಿದ ಶೇಕಡಾವನ್ನು ಗಂಟೆಗಳಿಂದ ಭಾಗಿಸಿ.

ನಮ್ಮ ಉದಾಹರಣೆಯಲ್ಲಿ ಎಂಟು ಗಂಟೆಗೆ 26% ಇಳಿದಿದೆ. ಗಂಟೆಗೆ 3.25%. ಎಂಎಎಚ್ ಲೆಕ್ಕದಲ್ಲಿ 78.

ಈ ರಾತ್ರಿಯ ಮೊದಲು ವಾಚನ್ನು ರೀಸ್ಟಾರ್ಟ್ ಮಾಡಬೇಡಿ. ಎಲ್ಲೋ ಸಿಕ್ಕಿಕೊಂಡಿರುವ ಆ್ಯಪ್ ಒಂದು ಬ್ಯಾಟರಿ ತಿನ್ನುತ್ತಿದ್ದರೆ ರೀಸ್ಟಾರ್ಟ್ ಅದನ್ನು ಒರೆಸಿಹಾಕುತ್ತದೆ, ನೀವು ಅಳೆಯಬೇಕೆಂದಿದ್ದ ರೋಗವೇ ಮಾಯ. ಅಳೆದಾದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ, ಮರುದಿನ ರಾತ್ರಿಯೂ ಅಳೆಯಿರಿ. ಅಂಕಿ ಒಮ್ಮೆಲೇ ಇಳಿದು ಆಮೇಲೆ ಕೆಲವು ದಿನಗಳಲ್ಲಿ ಮತ್ತೆ ಏರಿದರೆ, ಸೆಟ್ಟಿಂಗ್‌ಗಿಂತ ಸಿಕ್ಕಿಕೊಳ್ಳುವ ಚಾಳಿಯ ಆ್ಯಪ್ ಮೇಲೆ ಸಂಶಯ ಪಡಬೇಕು. ಅಂಥವರು ನೇರವಾಗಿ ಐದನೇ ಹಂತಕ್ಕೆ ಹೋಗಬಹುದು.

ವಾಚನ್ನು ಇಡುವ ರೀತಿಯೂ ಮುಖ್ಯ. ಪ್ರತಿ ರಾತ್ರಿ ಒಂದೇ ಜಾಗದಲ್ಲಿ, ಒಂದೇ ಭಂಗಿಯಲ್ಲಿ ಇಡಿ. ಏಕೆ ಎಂಬುದು ಮೂರನೇ ಹಂತದಲ್ಲಿ ಬರುತ್ತದೆ.

## ಹಂತ 2: ಏರ್‌ಪ್ಲೇನ್ ಮೋಡಿನ ರಾತ್ರಿ

ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ತಿಳಿಸುವ ರಾತ್ರಿ ಇದು, ಆದರೂ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ಮತ್ತೆ 84%ರಿಂದ, ಅದೇ ಜಾಗದಲ್ಲಿ, ಏರ್‌ಪ್ಲೇನ್ ಮೋಡ್ ಹಾಕಿ ಬಿಡಿ. ಹಾಕಿದ ಮೇಲೆ ಬ್ಲೂಟೂತ್, ವೈಫೈ ಎರಡೂ ಆಫ್ ಆಗಿವೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಕಣ್ಣಾರೆ ನೋಡಿ. ಆಗಿಲ್ಲದಿದ್ದರೆ ಕೈಯಾರೆ ಆಫ್ ಮಾಡಿ.

ಈಗ ಎರಡು ದಾರಿ. ಇಳಿಕೆ ಗಂಟೆಗೆ ಅರ್ಧ ಶೇಕಡಾದ ಹತ್ತಿರಕ್ಕೆ ಬಂದರೆ ವಾಚಿನ ಪರದೆ, ಸೆನ್ಸರ್, ಬ್ಯಾಟರಿ ಎಲ್ಲವೂ ಸರಿಯಾಗಿವೆ; ತಿನ್ನುತ್ತಿರುವುದು ರೇಡಿಯೊ, ಇಲ್ಲವೇ ರೇಡಿಯೊ ಬಳಸುವ ಆ್ಯಪ್. ನಾಲ್ಕನೇ ಹಂತಕ್ಕೆ ಹೋಗಿ. ಏರ್‌ಪ್ಲೇನ್ ಮೋಡಿನಲ್ಲೂ ಗಂಟೆಗೆ 1%ಕ್ಕಿಂತ ಹೆಚ್ಚು ಇಳಿದರೆ ಸಂಪರ್ಕಕ್ಕೆ ಸಂಬಂಧವಿಲ್ಲದ ಯಾವುದೋ ಓಡುತ್ತಿದೆ, ಮೂರನೇ ಹಂತ ನಿಮಗೆ. ಈ ಗಡಿಗಳು ಅಂದಾಜಿನವು. ಚಿಕ್ಕ ಬ್ಯಾಟರಿಯ ವಾಚಿನಲ್ಲಿ ಅಂಕಿ ಸ್ವಲ್ಪ ಮೇಲೆಯೇ ಇರುತ್ತದೆ.

ಉದಾಹರಣೆಯ ವಾಚು 84ರಿಂದ 80ಕ್ಕೆ ಇಳಿಯಿತು ಎಂದುಕೊಳ್ಳಿ. ಗಂಟೆಗೆ 0.5%. ಹೃದಯ ಬಡಿತ, ನಿದ್ದೆಯ ಲೆಕ್ಕ, ಸದಾ ಬೆಳಗುವ ಪರದೆ ಇವನ್ನೆಲ್ಲ ಒಂದೇ ಏಟಿಗೆ ಪಟ್ಟಿಯಿಂದ ಹೊಡೆದುಹಾಕಬಹುದು.

## ಹಂತ 3: ಏರ್‌ಪ್ಲೇನ್ ಮೋಡಿನಲ್ಲೂ ಇಳಿಯುತ್ತಿದ್ದರೆ

ಮೊದಲು ಕತ್ತಲೆಯಲ್ಲಿ ನೋಡಿ. ವಾಚು ಇಟ್ಟು ಕಾಲು ಗಂಟೆಯ ಬಳಿಕ ಲೈಟು ಆರಿಸಿ, ಅದನ್ನು ಮುಟ್ಟದೆ ಪಕ್ಕದಿಂದ ಬಗ್ಗಿ ನೋಡಿ. ಅಡಿಯಿಂದ ಹಸಿರು ಬೆಳಕು ಮಿನುಗುತ್ತಿದ್ದರೆ ವಾಚು ತಾನಿನ್ನೂ ಕೈಯ ಮೇಲಿದ್ದೇನೆ ಎಂದುಕೊಂಡಿದೆ. ಚರ್ಮಕ್ಕೆ ತಗುಲಿದೆಯೇ ಇಲ್ಲವೇ ಎಂಬುದನ್ನು ಅದು ಬೆನ್ನಿನ ಸೆನ್ಸರ್‌ಗೆ ಮರಳಿ ಬರುವ ಬೆಳಕಿನಿಂದ ಊಹಿಸುತ್ತದೆ. ಮಡಚಿದ ಟವೆಲ್, ಮರದ ಮೇಜು, ಸುತ್ತಿ ಬಿಗಿದ ಪಟ್ಟಿ ಇವೂ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ಆಗ ಇಲ್ಲದ ನಾಡಿಯನ್ನು ರಾತ್ರಿಯಿಡೀ ಹುಡುಕುತ್ತಾ ಕೂರುತ್ತದೆ. ಬೆಳಿಗ್ಗೆ ಆರೋಗ್ಯದ ಆ್ಯಪ್‌ನಲ್ಲಿ ಮೇಜಿನ ಹೃದಯ ಬಡಿತ ದಾಖಲಾಗಿದ್ದರೆ ಇನ್ನೇನೂ ಸಾಕ್ಷಿ ಬೇಡ. ಪರಿಹಾರ ಸುಲಭ: ಪಟ್ಟಿ ಬಿಚ್ಚಿ, ವಾಚನ್ನು ಅಂಚಿನ ಮೇಲೆ ಪಕ್ಕಕ್ಕೆ ನಿಲ್ಲಿಸಿ, ಬೆನ್ನು ಯಾವುದಕ್ಕೂ ತಾಗದಂತೆ ಇಡಿ. ಕೆಂಪು ಬೆಳಕು ಕಂಡರೆ ಅದು ರಕ್ತದ ಆಮ್ಲಜನಕ ಅಳೆಯುವ ಪ್ರಯತ್ನ. ನಿದ್ದೆಯ ಸೆಟ್ಟಿಂಗ್‌ನಲ್ಲಿ ಅದಕ್ಕೆ ಪ್ರತ್ಯೇಕ ಸ್ವಿಚ್ ಇರುತ್ತದೆ.

ಮಂಕಾಗಿ ಗಂಟೆ ತೋರಿಸುತ್ತಿರುವ ಪರದೆಯೂ ಅದೇ ಕತ್ತಲೆಯಲ್ಲಿ ಕಾಣುತ್ತದೆ. ಕೈಯಿಂದ ತೆಗೆದಾಗ ಬಹಳಷ್ಟು ವಾಚುಗಳು ಅದನ್ನು ತಾವೇ ಆರಿಸುತ್ತವೆ. ಆರಿಸದಿದ್ದರೆ, ಮತ್ತೆ ಅದೇ ಕಾರಣ: ಕೈಯಲ್ಲಿದ್ದೇನೆ ಎಂಬ ಭ್ರಮೆ.

ಆಮೇಲೆ ಜಿಪಿಎಸ್. ಏರ್‌ಪ್ಲೇನ್ ಮೋಡ್ ಅದನ್ನು ನಿಲ್ಲಿಸುವುದಿಲ್ಲ. ಸಂಜೆ ಲಾಲ್‌ಬಾಗ್‌ನಲ್ಲಿ ಶುರು ಮಾಡಿದ ವಾಕಿಂಗ್ ದಾಖಲೆಯನ್ನು ಮುಗಿಸಲು ಮರೆತು, ವಿರಾಮದಲ್ಲೇ ಬಿಟ್ಟು ಮಲಗಿದರೆ ಅದು ಒಳಗೆ ಜೀವಂತ. ಬ್ಯಾಟರಿ ಗಂಟೆಗಂಟೆಗೂ ಒಂದೇ ಸಮನೆ, ಜೋರಾಗಿ ಇಳಿಯುವುದು ಮತ್ತು ವಾಚಿನ ಬೆನ್ನು ಬೆಚ್ಚಗಿರುವುದು ಇದರ ಲಕ್ಷಣ. ಸುಮ್ಮನೆ ಮಲಗಿರುವ ವಾಚು ಕೋಣೆಯಷ್ಟೇ ತಣ್ಣಗಿರಬೇಕು.

ಕೊನೆಗೆ, ಕೂಗಿ ಕರೆದರೆ ಓಗೊಡುವ ಸಹಾಯಕ. ಆ ಪದಕ್ಕಾಗಿ ಮೈಕು ಕಿವಿಗೊಟ್ಟು ಕಾಯುತ್ತಿರುತ್ತದೆ. ಒಂದು ರಾತ್ರಿ ಅದನ್ನೊಂದೇ ಆಫ್ ಮಾಡಿ ಅಳೆದು ನೋಡಿ.

## ಹಂತ 4: ಫೋನು ಎಲ್ಲಿದೆ?

ವೇರ್ ಓಎಸ್ ವಾಚಿನಲ್ಲಿ ವೈಫೈ ಸಾಮಾನ್ಯವಾಗಿ ಸ್ವಯಂಚಾಲಿತ. ಫೋನಿನ ಬ್ಲೂಟೂತ್ ಸಿಕ್ಕುವವರೆಗೆ ವೈಫೈ ಮಲಗಿರುತ್ತದೆ; ಬ್ಲೂಟೂತ್ ಕಡಿದರೆ ವಾಚು ವೈಫೈ ಎಬ್ಬಿಸಿ, ಇಂಟರ್ನೆಟ್ ಮೂಲಕ ಫೋನನ್ನು ಹಿಡಿಯಲು ಹೋಗುತ್ತದೆ. ಬ್ಲೂಟೂತ್ ಲೋ ಎನರ್ಜಿಗೆ ಹೋಲಿಸಿದರೆ ವೈಫೈ ಬಲು ದುಬಾರಿ. ಸಿಮ್ ಇರುವ ವಾಚಾದರೆ ಎಲ್‌ಟಿಇ ಕೂಡ ಏಳಬಹುದು. ಸಿಗ್ನಲ್ ಮಂಕಾಗಿರುವ ಒಳಕೋಣೆಯಲ್ಲಿ ಅದು ಟವರ್ ಮುಟ್ಟಲು ಹೆಚ್ಚು ಶಕ್ತಿ ಸುರಿಯಬೇಕು, ಆಗ ಇಳಿಕೆ ವೈಫೈಯನ್ನೂ ಮೀರಿಸುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಫೋನು ಪೂರ್ತಿ ದೂರ ಇರುವುದಲ್ಲ, ಅರ್ಧ ದೂರ ಇರುವುದು. ಬ್ಲೂಟೂತ್‌ಗೆ ಹತ್ತು ಮೀಟರ್ ಎನ್ನುತ್ತಾರೆ, ಆದರೆ ನಡುವೆ ಎರಡು ಗೋಡೆ, ಒಂದು ಬೀರು, ಒಂದು ಫ್ರಿಜ್ ಬಂದರೆ ಆ ಲೆಕ್ಕ ಉಳಿಯುವುದಿಲ್ಲ. ಸಂಪರ್ಕ ಕಡಿಯುತ್ತದೆ, ವೈಫೈ ಏಳುತ್ತದೆ, ಬ್ಲೂಟೂತ್ ಮತ್ತೆ ಸಿಗುತ್ತದೆ, ವೈಫೈ ಮಲಗುತ್ತದೆ, ಮತ್ತೆ ಕಡಿಯುತ್ತದೆ. ವಾಚು ನಿದ್ದೆಗೆ ಜಾರುವಷ್ಟರಲ್ಲಿ ಮತ್ತೊಮ್ಮೆ ಎಬ್ಬಿಸಿದಂತೆ.

ಪರೀಕ್ಷೆ ಹೀಗೆ. ಏರ್‌ಪ್ಲೇನ್ ಮೋಡ್ ತೆಗೆಯಿರಿ, ಬೇರೇನನ್ನೂ ಮುಟ್ಟಬೇಡಿ, ಫೋನನ್ನು ವಾಚಿನ ಪಕ್ಕಕ್ಕೆ, ಒಂದು ಮೀಟರಿನೊಳಗೆ ತನ್ನಿ. ಉದಾಹರಣೆಯಲ್ಲಿ ಈ ರಾತ್ರಿ 84ರಿಂದ 71ಕ್ಕೆ ಬಂತು. 26% ಇದ್ದದ್ದು 13% ಆಯಿತು. ಅಂದರೆ ಅರ್ಧ ನಷ್ಟ ಬರೀ ಫೋನಿನ ಜಾಗದಿಂದ. ಆದರೆ ಏರ್‌ಪ್ಲೇನ್ ರಾತ್ರಿಯ 4%ಕ್ಕೂ ಈ 13%ಕ್ಕೂ ನಡುವೆ ಇನ್ನೂ 9% ಇದೆ. ಬ್ಲೂಟೂತ್ ಸಂಪರ್ಕ ಉಳಿಸಿಕೊಳ್ಳಲು ಅಷ್ಟು ಬೇಕಿಲ್ಲ. ಇನ್ನೊಬ್ಬ ಕಳ್ಳ ಇದ್ದಾನೆ. ಫೋನು ಹತ್ತಿರ ತಂದ ಕೂಡಲೇ ಸುಧಾರಿಸಿತಲ್ಲ ಎಂದು ಇಲ್ಲಿಗೇ ನಿಲ್ಲಿಸುವುದು ಎರಡನೆಯ ಸಾಮಾನ್ಯ ತಪ್ಪು.

ಇಲ್ಲಿ ಎರಡು ಎಚ್ಚರಿಕೆ. ರಾತ್ರಿ ಕರೆಂಟ್ ಹೋಗಿ ರೌಟರ್ ಆರಿದ್ದರೆ, ಫೋನು ದೂರವಿಟ್ಟು ಮಾಡಿದ ಅಳತೆಯನ್ನು ಎಣಿಸಬೇಡಿ. ವಾಚು ಇಲ್ಲದ ವೈಫೈ ಹುಡುಕಿಕೊಂಡಿರುತ್ತದೆ. ಬೆಸ್ಕಾಂ ಕೆಲಸ ನಡೆಯುತ್ತಿರುವ ವಾರವಾದರೆ ಫೋನು ಹತ್ತಿರವಿಡುವ ಪರೀಕ್ಷೆಗಳನ್ನು ಮೊದಲು ಮುಗಿಸಿ. ಹಾಗೆಯೇ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ನೀರಿನ ಟ್ಯಾಂಕರ್ ಬಗ್ಗೆ ಮಧ್ಯರಾತ್ರಿವರೆಗೆ ಜಗಳ ನಡೆದ ದಿನವೂ ಲೆಕ್ಕಕ್ಕಿಲ್ಲ. ಪ್ರತಿ ಸಂದೇಶಕ್ಕೂ ವಾಚು ನಡುಗಿ, ಪರದೆ ಬೆಳಗಿಸಿ, ಮತ್ತೆ ಮಲಗುತ್ತದೆ. ಪರೀಕ್ಷೆಯ ಎಲ್ಲ ರಾತ್ರಿಗಳಲ್ಲೂ ಅಂಥ ಗುಂಪುಗಳನ್ನು ಮ್ಯೂಟ್ ಮಾಡಿಟ್ಟರೆ ರಾತ್ರಿಗಳು ಒಂದಕ್ಕೊಂದು ಹೋಲಿಸುವಂತಿರುತ್ತವೆ.

## ಹಂತ 5: ಯಾವ ಆ್ಯಪ್ ಎಂದು ವಾಚನ್ನೇ ಕೇಳಿ

ವಾಚಿನ ಬ್ಯಾಟರಿ ಪುಟದಲ್ಲಿ ಆ್ಯಪ್‌ಗಳ ಪಟ್ಟಿ ಇದೆ, ಆದರೆ ಅದು ರಾತ್ರಿಯದ್ದನ್ನು ಹಗಲಿನದರೊಂದಿಗೆ ಬೆರೆಸಿ ತೋರಿಸುತ್ತದೆ. ರಾತ್ರಿಯದ್ದು ಮಾತ್ರ ಬೇಕೆಂದರೆ ಮಲಗುವ ಮುನ್ನ ಲೆಕ್ಕವನ್ನು ಸೊನ್ನೆ ಮಾಡಬೇಕು. ಅದಕ್ಕೇ ಲ್ಯಾಪ್‌ಟಾಪ್.

ವಾಚಿನಲ್ಲಿ ಸೆಟ್ಟಿಂಗ್ಸ್ ಒಳಗೆ ವಾಚಿನ ಬಗೆಗಿನ ಪುಟಕ್ಕೆ ಹೋಗಿ, `Software version` ಅಥವಾ `Build number` ಮೇಲೆ ಏಳು ಸಲ ತಟ್ಟಿ. ಸೆಟ್ಟಿಂಗ್ಸ್‌ನ ಕೊನೆಯಲ್ಲಿ `Developer options` ಕಾಣಿಸುತ್ತದೆ. ಅದರಲ್ಲಿ `ADB debugging`, ಆಮೇಲೆ `Wireless debugging` ಆನ್ ಮಾಡಿ. ವೈಫೈ ಮಲಗಿದ್ದರೆ ಇದು ಆನ್ ಆಗುವುದಿಲ್ಲ. ಆಗ ಸ್ವಲ್ಪ ಹೊತ್ತು ಬ್ಲೂಟೂತ್ ಆಫ್ ಮಾಡಿದರೆ ವೈಫೈ ತಾನಾಗಿ ಏಳುತ್ತದೆ. ಹೊಸ ಸಾಧನ ಜೋಡಿಸುವ ಆಯ್ಕೆ ಒತ್ತಿದರೆ ವಿಳಾಸ, ಪೋರ್ಟ್ ಮತ್ತು ಆರಂಕಿ ಕೋಡ್ ಬರುತ್ತವೆ. ಲ್ಯಾಪ್‌ಟಾಪಿನಲ್ಲಿ:

```
adb pair 192.168.1.23:37123
adb connect 192.168.1.23:41015
adb devices
```

ಜೋಡಿಸುವ ಪೋರ್ಟ್ ಬೇರೆ, ಸಂಪರ್ಕಿಸುವ ಪೋರ್ಟ್ ಬೇರೆ. ಎರಡನೆಯದು ಹಿಂದಿನ ಪುಟದಲ್ಲಿ, `Wireless debugging` ಅಡಿಯಲ್ಲಿ ಕಾಣುತ್ತದೆ. ಎರಡೂ ಕಡೆ ಒಂದೇ ಪೋರ್ಟ್ ಟೈಪ್ ಮಾಡಿ ಇಲ್ಲಿಗೇ ಕೈಬಿಟ್ಟವರೇ ಜಾಸ್ತಿ. ವಾಚು ಮತ್ತು ಲ್ಯಾಪ್‌ಟಾಪ್ ಒಂದೇ ವೈಫೈಯಲ್ಲಿರಬೇಕು. ಅತಿಥಿಗಳ ನೆಟ್‌ವರ್ಕ್ ಆದರೆ ಆಗುವುದಿಲ್ಲ.

ಮಲಗುವ ಮುನ್ನ, ಚಾರ್ಜರ್‌ನಿಂದ ತೆಗೆದ ಮೇಲೆ:

```
adb shell dumpsys batterystats --reset
```

ತಕ್ಷಣ ವಾಚಿನಲ್ಲಿ `Wireless debugging` ಆಫ್ ಮಾಡಿ, ಬ್ಲೂಟೂತ್ ಮತ್ತೆ ಆನ್ ಮಾಡಿ. ಮರೆತರೆ ವೈಫೈ ರಾತ್ರಿಯಿಡೀ ಎಚ್ಚರವಿದ್ದು, ಪರೀಕ್ಷೆಯೇ ಬ್ಯಾಟರಿ ತಿನ್ನುತ್ತದೆ. ಫೋನು ಪಕ್ಕದಲ್ಲೇ ಇರಲಿ.

ಬೆಳಿಗ್ಗೆ ಶೇಕಡಾ ಬರೆದುಕೊಂಡು, `Wireless debugging` ಮತ್ತೆ ಆನ್ ಮಾಡಿ, ಈಗ ಅಲ್ಲಿ ಕಾಣುವ ಪೋರ್ಟ್ ಹಾಕಿ `adb connect` ಮೂಲಕ ಸಂಪರ್ಕಿಸಿ:

```
adb shell dumpsys batterystats --charged > raatri.txt
```

ಇದನ್ನು ಮಾಡುವ ಮುಂಚೆ ವಾಚನ್ನು ಚಾರ್ಜಿಗೆ ಹಾಕಬೇಡಿ. ಪೂರ್ತಿ ಚಾರ್ಜ್ ಆಗಿ ತೆಗೆದಾಗ ಆಂಡ್ರಾಯ್ಡ್ ಈ ಲೆಕ್ಕವನ್ನು ತಾನೇ ಅಳಿಸಿ ಹೊಸದಾಗಿ ಶುರು ಮಾಡುತ್ತದೆ.

ಫೈಲು ಉದ್ದವಾಗಿರುತ್ತದೆ, ಗಾಬರಿ ಬೇಡ. ಎರಡೇ ಜಾಗ ನೋಡಿ. ಮೊದಲನೆಯದು `Time on battery` ಸಾಲು:

```
Time on battery: 8h 0m 12s 410ms (100.0%) realtime, 3h 22m 5s 118ms (42.1%) uptime
```

`realtime` ಗಡಿಯಾರದ ಸಮಯ. `uptime` ಪ್ರೊಸೆಸರ್ ಎಚ್ಚರವಿದ್ದ ಸಮಯ. ಇಲ್ಲಿ ಎಂಟು ಗಂಟೆಯಲ್ಲಿ ಮೂರು ಗಂಟೆಗೂ ಹೆಚ್ಚು ಹೊತ್ತು ವಾಚು ಮಲಗಿಯೇ ಇಲ್ಲ. ಮುಟ್ಟದೆ ಬಿಟ್ಟ ವಾಚಿನಲ್ಲಿ ಈ ಭಾಗ ಚಿಕ್ಕದಾಗಿರಬೇಕು, 42% ಅಂದರೆ ಯಾರೋ ಎಬ್ಬಿಸುತ್ತಲೇ ಇದ್ದಾರೆ.

ಯಾರು ಎಂಬುದು ಎರಡನೇ ಜಾಗದಲ್ಲಿ. ಫೈಲಿನಲ್ಲಿ `All partial wake locks` ಎಂದು ಹುಡುಕಿ. ವೇಕ್ ಲಾಕ್ ಎಂದರೆ ಪ್ರೊಸೆಸರ್ ಮಲಗದಂತೆ ಆ್ಯಪ್ ಹಾಕುವ ತಡೆ. ಅದರ ಕೆಳಗಿನ ಸಾಲುಗಳು ಹೆಚ್ಚು ಹೊತ್ತು ಎಬ್ಬಿಸಿದವರಿಂದ ಕಡಿಮೆಯವರ ಕಡೆಗೆ ಇಳಿಯುತ್ತವೆ:

```
Wake lock u0a118 *job*/com.example.face/.SyncJob: 2h 10m 4s 310ms (412 times) realtime
```

ಎಂಟು ಗಂಟೆಯಲ್ಲಿ 412 ಸಲ, ಅಂದರೆ ಎಪ್ಪತ್ತು ಸೆಕೆಂಡಿಗೊಮ್ಮೆ. ಪ್ರತಿ ಸಲ ಸುಮಾರು 19 ಸೆಕೆಂಡು. ಹವಾಮಾನ ತೋರಿಸುವ ವಾಚ್ ಫೇಸ್ ಒಂದು ಹೊಸ ಮಾಹಿತಿ ತರಲು ಹೋಗಿ, ಸಿಗದೆ, ಮತ್ತೆ ಪ್ರಯತ್ನಿಸುತ್ತಿದ್ದರೆ ಸಾಲು ಹೀಗೆಯೇ ಕಾಣುತ್ತದೆ. ಹೆಸರು ಸ್ಪಷ್ಟವಿಲ್ಲದೆ ಬರೀ `u0a118` ಇದ್ದರೆ 10000ಕ್ಕೆ 118 ಕೂಡಿಸಿ, ಆ ಸಂಖ್ಯೆಯ ಆ್ಯಪ್ ಯಾವುದೆಂದು ಕೇಳಿ:

```
adb shell "pm list packages -U | grep 10118"
```

ಪಟ್ಟಿಯ ಮೇಲ್ಗಡೆ `com.google.android.gms` ಇದ್ದರೆ ಅದನ್ನು ಕಿತ್ತುಹಾಕಲು ಹೋಗಬೇಡಿ. ಅದು ಪ್ಲೇ ಸರ್ವಿಸಸ್; ಬೇರೆ ಆ್ಯಪ್‌ಗಳು ಕೇಳಿದ ಸ್ಥಳ, ಸಿಂಕ್ ಕೆಲಸಗಳನ್ನು ತನ್ನ ಹೆಸರಿನಲ್ಲಿ ಮಾಡಿಕೊಡುತ್ತದೆ. ಅದೇ ಸಾಲಿನಲ್ಲಿರುವ ವೇಕ್ ಲಾಕ್ ಹೆಸರು, ಅದರ ಕೆಳಗಿನ ಸಾಲುಗಳು ಕೇಳಿದವರ ಸುಳಿವು ಕೊಡುತ್ತವೆ.

## ಹಂತ 6: ಒಬ್ಬನನ್ನು ತಡೆದು ಮತ್ತೆ ಅಳೆಯಿರಿ

ಸಂಶಯ ಬಂದ ಮಾತ್ರಕ್ಕೆ ತೀರ್ಪು ಕೊಡಬೇಡಿ. ವಾಚ್ ಫೇಸ್ ಆದರೆ ವಾಚಿನ ಜೊತೆಗೇ ಬಂದ ಸರಳ ಫೇಸ್‌ಗೆ ಬದಲಿಸಿ ಒಂದು ರಾತ್ರಿ ನೋಡಿ. ಬೇರೆ ಆ್ಯಪ್ ಆದರೆ ಅಳಿಸುವ ಮೊದಲು ಹಿನ್ನೆಲೆಯ ಓಡಾಟ ಮಾತ್ರ ತಡೆಯಬಹುದು:

```
adb shell cmd appops set com.example.app RUN_ANY_IN_BACKGROUND ignore
```

ಹಿಂದಿನಂತೆ ಮಾಡಲು `ignore` ಜಾಗದಲ್ಲಿ `allow` ಹಾಕಿ. ಅಲಾರಂ, ಔಷಧಿ ನೆನಪಿಸುವ ಆ್ಯಪ್‌ಗಳ ಮೇಲೆ ಇದನ್ನು ಪ್ರಯೋಗಿಸಬೇಡಿ, ಸಮಯಕ್ಕೆ ಸದ್ದು ಮಾಡದೇ ಹೋಗಬಹುದು.

ಉದಾಹರಣೆಯಲ್ಲಿ ಫೇಸ್ ಬದಲಿಸಿ, ಫೋನು ಪಕ್ಕದಲ್ಲಿಟ್ಟ ರಾತ್ರಿ 84ರಿಂದ 78. ಗಂಟೆಗೆ 0.75%. ಆಮೇಲೆ ಫೋನನ್ನು ಮತ್ತೆ ಹಾಲ್‌ಗೆ ಕಳಿಸಿ, ವಾಚಿನ ವೈಫೈ ಮಾತ್ರ ಕೈಯಾರೆ ಆಫ್ ಮಾಡಿದ ರಾತ್ರಿ 84ರಿಂದ 76. ಮಲಗುವ ಕೋಣೆಗೆ ಫೋನು ತರಲು ಇಷ್ಟವಿಲ್ಲದವರಿಗೆ ಇದು ಸಾಕಷ್ಟು ಒಳ್ಳೆಯ ಅಂಕಿ. 26% ಇದ್ದದ್ದು 8% ಆಗಿದೆ, ಕಳೆದುಕೊಂಡದ್ದು ಒಂದು ವಾಚ್ ಫೇಸ್ ಮತ್ತು ರಾತ್ರಿಯ ವೈಫೈ ಅಷ್ಟೆ. ಹೃದಯ ಬಡಿತದ ಅಳತೆ, ಹಗಲಿನ ನೋಟಿಫಿಕೇಶನ್ ಎಲ್ಲ ಹಾಗೇ ಇವೆ. ಎರಡು ಕಾರಣಗಳ ನಷ್ಟವನ್ನು ಬೇರೆ ಬೇರೆ ಅಳೆದು ಕೂಡಿಸಿದರೆ ಒಟ್ಟು ಸರಿಯಾಗಿ ಹೊಂದದಿದ್ದರೆ ಆಶ್ಚರ್ಯವಿಲ್ಲ. ಅದೇ ಫೇಸ್ ಬ್ಲೂಟೂತ್‌ನಲ್ಲಿ ತಿನ್ನುವುದಕ್ಕಿಂತ ವೈಫೈಯಲ್ಲಿ ಹೆಚ್ಚು ತಿನ್ನುತ್ತದೆ.

## ವೇರ್ ಓಎಸ್ ಅಲ್ಲದ ವಾಚುಗಳಿಗೆ

ಆ್ಯಪಲ್ ವಾಚಿಗೆ ಎಡಿಬಿ ಇಲ್ಲ. ಮೊದಲ ನಾಲ್ಕು ಹಂತಗಳು ಹಾಗೆಯೇ ಅನ್ವಯಿಸುತ್ತವೆ. ಐದನೆಯದರ ಬದಲು ಫೋನಿನ ವಾಚ್ ಆ್ಯಪ್‌ನಲ್ಲಿ `General` ಒಳಗಿನ `Background App Refresh` ತೆರೆದು, ಅರ್ಧ ಆ್ಯಪ್‌ಗಳನ್ನು ಒಂದು ರಾತ್ರಿ ಆಫ್ ಮಾಡಿ. ಸುಧಾರಿಸಿದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಅದನ್ನೇ ಮತ್ತೆ ಅರ್ಧ ಮಾಡುತ್ತಾ ಹೋಗಿ.

ಎರಡು ಮೂರು ಸಾವಿರದ ವಾಚುಗಳಲ್ಲಿ ಹೊರಗಿನ ಆ್ಯಪ್‌ಗಳ ಕಾಟವೇ ಇಲ್ಲ. ಅಲ್ಲಿ ಮೊದಲು ನೋಡಬೇಕಾದ್ದು ಬ್ಲೂಟೂತ್ ಕಾಲಿಂಗ್. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ವಾಚಿನ ಹೆಸರು ಎರಡು ಸಲ ಕಂಡರೆ ಒಂದು ಕರೆಗಳ ಧ್ವನಿಗಾಗಿ ಇರುವ ಪ್ರತ್ಯೇಕ ಸಂಪರ್ಕ. ಅದನ್ನು ಒಂದು ರಾತ್ರಿ ಕಡಿದು ಅಳೆಯಿರಿ.

## ಹಂತ 7: ಬ್ಯಾಟರಿಯೇ ಹಳೆಯದಾಗಿದ್ದರೆ

ಎಲ್ಲಕ್ಕೂ ಮುದಿ ಬ್ಯಾಟರಿಯನ್ನು ದೂರುವುದು ಸುಲಭ, ಆದರೆ ಲೆಕ್ಕ ಒಪ್ಪುವುದಿಲ್ಲ. 300 ಎಂಎಎಚ್ ಬ್ಯಾಟರಿ ಸವೆದು 240 ಆಗಿದೆ ಎಂದುಕೊಳ್ಳಿ. ಮೊದಲು ರಾತ್ರಿಗೆ 4% ತೋರಿಸುತ್ತಿದ್ದ ಖರ್ಚು ಈಗ 5% ತೋರಿಸುತ್ತದೆ. ಸವೆತದಿಂದ 4% ಎಂಬುದು 26% ಆಗುವುದಿಲ್ಲ.

ಏರ್‌ಪ್ಲೇನ್ ರಾತ್ರಿಯೂ ಕೆಟ್ಟದಾಗಿದ್ದು, ಮೂರನೇ ಹಂತದಲ್ಲೂ ಏನೂ ಸಿಗದಿದ್ದರೆ ವಾಚನ್ನು ಪೂರ್ತಿ ಸ್ವಿಚ್ ಆಫ್ ಮಾಡಿ ಎಂಟು ಗಂಟೆ ಬಿಡಿ. ಆನ್ ಮಾಡಿದಾಗ ಒಂದೆರಡು ಶೇಕಡಾ ಇಳಿದಿದ್ದರೆ ಅದು ಆನ್ ಆಗುವ ಖರ್ಚು. ಐದಾರು ಶೇಕಡಾ ಇಳಿದಿದ್ದರೆ ದೋಷ ಬ್ಯಾಟರಿಯಲ್ಲೋ ಸರ್ಕ್ಯೂಟಿನಲ್ಲೋ ಇದೆ, ಯಾವ ಸೆಟ್ಟಿಂಗೂ ಅದನ್ನು ಸರಿಪಡಿಸದು. ಇಳಿಯದೇ ಇದ್ದರೆ ಮಾತ್ರ ಫ್ಯಾಕ್ಟರಿ ರೀಸೆಟ್ ಮಾಡಿ ನೋಡುವುದಕ್ಕೆ ಅರ್ಥವಿದೆ.

ಬೆನ್ನಿನ ಮುಚ್ಚಳ ಉಬ್ಬಿದ್ದರೆ ಅಥವಾ ಪರದೆಯ ಅಂಚು ಎದ್ದು ಬೆಳಕಿನ ಗೆರೆ ಕಾಣುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ. ಚಾರ್ಜಿಗೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ, ಒತ್ತಿ ಕೂರಿಸಲು ಹೋಗದೆ, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಉಬ್ಬಿಲ್ಲದ ವಾಚನ್ನು ಒಯ್ಯುವುದಾದರೆ ಸ್ವಿಚ್ ಆಫ್ ರಾತ್ರಿಯ ಮತ್ತು ಏರ್‌ಪ್ಲೇನ್ ರಾತ್ರಿಯ ಅಂಕಿಗಳಿರುವ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ರೀಸೆಟ್ ಮಾಡಿ ವಾಪಸ್ ಕೊಡುತ್ತೇವೆ ಎಂದರೆ, ಸ್ವಿಚ್ ಆಫ್ ಆಗಿದ್ದಾಗಲೂ ಇಳಿದಿದೆ ಎಂಬ ಸಾಲನ್ನು ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಿ.